ಓಬವ್ವನಿಗೆ ಲಿಪ್‌ಸ್ಟಿಕ್ ಯಾಕೆ ಸ್ವಾಮಿ?

ನವೆಂಬರ್ ಬಂತು ಅಂದ್ರೆ ನಮ್ಮ ಬೆಂಗಳೂರಿನ ಶಾಲೆಗಳಲ್ಲಿ ಛದ್ಮವೇಷದ ಸುಗ್ಗಿ. ಒಂದನೇ ತಾರೀಖು ರಾಜ್ಯೋತ್ಸವ, ಹನ್ನೊಂದಕ್ಕೆ ಓಬವ್ವ ಜಯಂತಿ, ಹದಿನಾಲ್ಕಕ್ಕೆ ಮಕ್ಕಳ ದಿನಾಚರಣೆ. ಎರಡು ವಾರದಲ್ಲಿ ಮೂರು ಸಲ ಮಕ್ಕಳನ್ನು ಬೇರೆ ಯಾರನ್ನೋ ಮಾಡಬೇಕು. ಈಗೀಗ ಇದಕ್ಕೊಂದು ಹೊಸ ಹಂತವೂ ಸೇರಿಕೊಂಡಿದೆ. ಕೆಲವು ಶಾಲೆಗಳು ಮೊದಲು ಫೋಟೊ ಕಳಿಸಿ ಅನ್ನುತ್ತವೆ, ಅದರಲ್ಲಿ ಆಯ್ಕೆಯಾದವರು ಮಾತ್ರ ವೇದಿಕೆ ಹತ್ತಬೇಕು. ಅಲ್ಲಿಗೆ ಸ್ಪರ್ಧೆ ಮಗುವಿನ ಕೈಯಿಂದ ಜಾರಿ ಅಪ್ಪ-ಅಮ್ಮನ ಫೋನಿಗೆ ಬಂತು.

ನನ್ನ ತಕರಾರು ಇರುವುದು ಎರಡು ವಿಷಯದ ಬಗ್ಗೆ. ಒಂದು, ಆರು ವರ್ಷದ ಮಗುವಿಗೆ ಇಪ್ಪತ್ತಾರರ ಹೆಂಗಸಿನ ಅಲಂಕಾರ ಮಾಡುವುದು. ಎರಡು, ಆಮೇಲೆ ಆ ಫೋಟೊವನ್ನು ಎಡಿಟ್ ಮಾಡಿ, ಉಳಿದಿದ್ದ ಸ್ವಲ್ಪ ಮಗುತನವನ್ನೂ ಒರೆಸಿ ಹಾಕುವುದು. ಎರಡೂ ಒಂದೇ ರೋಗದ ಎರಡು ಲಕ್ಷಣ.

ಓಬವ್ವನ ವೇಷವನ್ನೇ ತಗೊಳ್ಳಿ. ನಾನು ಚಿತ್ರದುರ್ಗದ ಕಡೆಯ ಹಳ್ಳಿಯವನು, ಹಾಗಾಗಿ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ ಅಂತ ಇಟ್ಕೊಳ್ಳಿ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕಥೆ ಇದು: ಓಬವ್ವ ಕೋಟೆ ಕಾಯುವವನ ಹೆಂಡತಿ. ಗಂಡ ಊಟಕ್ಕೆ ಬಂದಿದ್ದ, ಈಕೆ ನೀರು ತರಲು ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಂಡಿತು, ಕೈಗೆ ಸಿಕ್ಕ ಒನಕೆ ಹಿಡಿದಳು. ಆ ಕಿಂಡಿ ಇವತ್ತಿಗೂ ಕೋಟೆಯಲ್ಲಿದೆ, ಹೋಗಿ ನೋಡಬಹುದು. ಈಗ ಹೇಳಿ, ಅಡುಗೆಮನೆಯಿಂದ ಕೊಡ ಹಿಡಿದು ಹೊರಟ ಹೆಂಗಸು ಜರಿ ಅಂಚಿನ ರೇಷ್ಮೆ ಸೀರೆ, ಸೊಂಟಕ್ಕೆ ಡಾಬು, ತುಟಿಗೆ ಕೆಂಪು ಬಳಿದುಕೊಂಡು ಹೋಗಿದ್ದಳೇ?

ಆದರೆ ಬಾಡಿಗೆ ಅಂಗಡಿಯಲ್ಲಿ 'ಓಬವ್ವ ಸೆಟ್' ಕೇಳಿ ನೋಡಿ. ಮಿರಿಮಿರಿ ಸ್ಯಾಟಿನ್ ಸೀರೆ ಕೊಡ್ತಾರೆ, ಅದೇ ಸೀರೆಯನ್ನು ಚೆನ್ನಮ್ಮನಿಗೂ ಅಬ್ಬಕ್ಕನಿಗೂ ಕೊಡ್ತಾರೆ. ಜೊತೆಗೆ ಎದೆಭಾಗಕ್ಕೆ ಹೊಲಿಗೆ ಹಾಕಿ ಆಕಾರ ಕೊಟ್ಟ ರವಿಕೆ, ಬೆನ್ನು ಪೂರ್ತಿ ತೆರೆದಿರುತ್ತದೆ. ದೊಡ್ಡವರ ಅಳತೆಯ ಬಟ್ಟೆಯನ್ನು ಹಾಗೇ ಕುಗ್ಗಿಸಿ ಹೊಲಿದದ್ದು ಅದು. ಆರು ವರ್ಷದ ಹುಡುಗಿಯ ಮೈಗೆ ಇಲ್ಲದ ಆಕಾರವನ್ನು ಬಟ್ಟೆ ಕೊಡುತ್ತದೆ ಅಂದ್ರೆ, ಆ ಬಟ್ಟೆ ಮಗುವಿಗಾಗಿ ಹೊಲಿದದ್ದಲ್ಲ. ವಯಸ್ಸಿಗೆ ತಕ್ಕ ವೇಷ ಅಂದ ಕೂಡಲೇ ಕೆಲವರು 'ಮೈ ಮುಚ್ಚೋದಾ?' ಅಂತ ಜಗಳಕ್ಕೆ ಬರ್ತಾರೆ. ಪ್ರಶ್ನೆ ಎಷ್ಟು ಮುಚ್ಚಿದೆ ಅನ್ನೋದಲ್ಲ. ಆ ಬಟ್ಟೆಯಲ್ಲಿ ಮಗು ನೆಲದ ಮೇಲೆ ಚಕ್ಕಳಮಕ್ಕಳ ಕೂರಬಹುದಾ, ಮೆಟ್ಟಿಲು ಹತ್ತಬಹುದಾ, ಒಬ್ಬಳೇ ಟಾಯ್ಲೆಟ್ಟಿಗೆ ಹೋಗಿ ಬರಬಹುದಾ ಅನ್ನೋದು. ಈ ಮೂರನ್ನು ಹಿಂದಿನ ದಿನ ಮನೆಯಲ್ಲೇ ಮಾಡಿಸಿ ನೋಡಿ. ಮೂರರಲ್ಲಿ ಒಂದು ಆಗದಿದ್ದರೂ ವೇಷ ಬದಲಾಯಿಸಬೇಕು, ಮಗುವನ್ನಲ್ಲ.

ಹಾಗಾದರೆ ಮಾಡೋದು ಹೇಗೆ? ಕಷ್ಟ ಏನಿಲ್ಲ. ಐದೂವರೆ ಮೀಟರಿನ ಸೀರೆಯನ್ನು ಮೂರೂಮುಕ್ಕಾಲು ಅಡಿಯ ಮಗುವಿಗೆ ಸುತ್ತಿದರೆ ಅದು ಬಟ್ಟೆಯ ಮೂಟೆ ಆಗುತ್ತದೆ, ಅರ್ಧ ಗಂಟೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಅಜ್ಜಿಯ ಹಳೇ ಹತ್ತಿ ಸೀರೆಯಲ್ಲಿ ಎರಡೂವರೆ ಮೀಟರ್ ಸಾಕು. ಮಗುವಿನ ಎಲಾಸ್ಟಿಕ್ ಪೈಜಾಮದ ಮೇಲೆ ಕಚ್ಚೆಯ ಹಾಗೆ ನೆರಿಗೆ ಹಿಡಿದು, ಸೊಂಟದ ಎಲಾಸ್ಟಿಕ್ಕಿಗೇ ದೊಡ್ಡ ದೊಡ್ಡ ಹೊಲಿಗೆ ಹಾಕಿಬಿಡಿ. ಪಿನ್ನು ಬೇಡ. ಪಿನ್ನು ಚುಚ್ಚಿದ ಮಗು ವೇದಿಕೆ ಮೇಲೆ ಸೊಂಟ ಹಿಡಿದು ನಿಲ್ಲುತ್ತೆ, ಒನಕೆ ಎತ್ತಲ್ಲ. ಹೀಗೆ ಹೊಲಿದರೆ ಪೈಜಾಮ ಇಳಿಸಿದ ಹಾಗೆ ಇಳಿಸಬಹುದು, ಏರಿಸಬಹುದು. ಸೆರಗಿನ ತುದಿಯನ್ನು ಎದೆಯ ಮೇಲೆ ಹಾಯಿಸಿ ಸೊಂಟಕ್ಕೆ ಸಿಕ್ಕಿಸಿದರೆ ಕೆಲಸಕ್ಕೆ ನಿಂತ ಹೆಂಗಸಿನ ಗತ್ತು ತಾನಾಗೇ ಬರುತ್ತದೆ. ಮೇಲೆ ತೋಳಿರುವ ಸಾದಾ ಹತ್ತಿ ಕುಬುಸ, ಅದಿಲ್ಲದಿದ್ದರೆ ಮಾಸಲು ಬಣ್ಣದ ಟೀ-ಶರ್ಟು.

ಒನಕೆ? ನಿಜವಾದ ಒನಕೆ ಕೊಟ್ಟರೆ ಪಕ್ಕದಲ್ಲಿ ನಿಂತ ಗಾಂಧಿ ತಾತನ ತಲೆ ಒಡೆಯುತ್ತೆ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿರುವ ರಟ್ಟಿನ ಕೊಳವೆ ಕೇಳಿ. ಮಗುವಿನ ಭುಜದ ಎತ್ತರಕ್ಕೆ ಕತ್ತರಿಸಿ, ಕಂದು ಬಣ್ಣ ಬಳಿದು, ಎರಡೂ ತುದಿಗೆ ಬೂದು ಕಾಗದ ಸುತ್ತಿದರೆ ಕಬ್ಬಿಣದ ಬಳೆ ಹಾಕಿದ ಒನಕೆ ತಯಾರು. ಮುಖಕ್ಕೆ ಏನೂ ಬೇಡ. ಹಣೆಗೆ ಕುಂಕುಮ, ಎಣ್ಣೆ ಹಚ್ಚಿ ಬಾಚಿದ ತಲೆ, ಅಷ್ಟೇ. ಕೆಲಸ ಮಾಡುವ ಹೆಂಗಸಿನ ಮುಖದಲ್ಲಿ ಬೆವರು ಇರುತ್ತೆ, ಹೊಳೆಯುವ ಪುಡಿ ಇರಲ್ಲ.

ಈಗ ಫೋಟೊ. ನಿಜವಾದ ಅನಾಹುತ ಇಲ್ಲೇ ಇರೋದು.

ನಮ್ಮ ಟೀಮಿನ ಗೆಳೆಯರೊಬ್ಬರು ಮಗಳ ಫೋಟೊ ತೋರಿಸಿದರು. ಮುಖ ಹಾಲಿನ ಬಣ್ಣ, ಒನಕೆ ಹಿಡಿದ ಕೈ ಮಾತ್ರ ಗೋಧಿ ಬಣ್ಣ. ಕಣ್ಣು ಅಗಲ, ಗಲ್ಲ ಚೂಪು. ಕೆನ್ನೆ ಪಕ್ಕದಲ್ಲಿ ನೆಟ್ಟಗೆ ನಿಲ್ಲಬೇಕಾದ ಒನಕೆ ಆ ಜಾಗದಲ್ಲಿ ಮಾತ್ರ ಬಾಳೆಕಾಯಿ ಥರ ಬಗ್ಗಿತ್ತು. 'ಇದು ಯಾರು ಸಾರ್?' ಅಂದೆ. 'ನಮ್ಮ ಪುಟ್ಟಿನೇ ಕಣ್ರೀ, ಒಂಚೂರು ಟಚಪ್ ಮಾಡ್ದೆ' ಅಂದರು.

ಆ ಒನಕೆ ಯಾಕೆ ಬಗ್ಗಿತು ಅಂತ ಗೊತ್ತಾದರೆ ಇಡೀ ಕಥೆ ಗೊತ್ತಾಗುತ್ತದೆ. ಬ್ಯೂಟಿ ಫಿಲ್ಟರು ಮೊದಲು ಮುಖದಲ್ಲಿ ಕೆಲವು ಚುಕ್ಕಿಗಳನ್ನು ಹುಡುಕುತ್ತದೆ: ಕಣ್ಣಿನ ಮೂಲೆ, ಮೂಗಿನ ತುದಿ, ತುಟಿ, ದವಡೆಯ ಅಂಚು. ಆ ಚುಕ್ಕಿಗಳಿಗೆ ರಂಗೋಲಿಯ ಹಾಗೆ ಗೆರೆ ಎಳೆದು ಒಂದು ಬಲೆ ಕಟ್ಟುತ್ತದೆ. ಆಮೇಲೆ ಬಲೆಯನ್ನು ಎಳೆಯುತ್ತದೆ. ದವಡೆಯನ್ನು ಒಳಕ್ಕೆ, ಕಣ್ಣನ್ನು ಹೊರಕ್ಕೆ. ದವಡೆ ಒಳಗೆ ಹೋದಾಗ ಪಕ್ಕದಲ್ಲಿರುವ ಚಿತ್ರವೂ ಅದರ ಜೊತೆ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಒನಕೆ, ಬಾಗಿಲ ಚೌಕಟ್ಟು, ಗೋಡೆಯ ಟೈಲ್ಸಿನ ಗೆರೆ ಮುಖದ ಹತ್ತಿರ ಬಾಗುತ್ತವೆ. ತೀರ್ಪುಗಾರರು ಮುಖ ನೋಡುವ ಮೊದಲು ಈ ಗೆರೆಗಳನ್ನು ನೋಡಿದರೆ ಸಾಕು, ಅರ್ಧ ಕಳ್ಳತನ ಸಿಕ್ಕಿಬೀಳುತ್ತದೆ.

ಇದಕ್ಕಿಂತ ದೊಡ್ಡ ಸಮಸ್ಯೆ ಏನಂದ್ರೆ, ಆ ಫಿಲ್ಟರಿಗೆ ಗೊತ್ತಿರುವ 'ಚಂದ' ದೊಡ್ಡವರದ್ದು. ಮಗುವಿನ ಮುಖದ ಲೆಕ್ಕವೇ ಬೇರೆ. ಹಣೆ ದೊಡ್ಡದು, ಕಣ್ಣು ಸ್ವಲ್ಪ ಕೆಳಗೆ, ಕೆನ್ನೆ ಉಬ್ಬು, ದವಡೆ ಇನ್ನೂ ಬೆಳೆಯಬೇಕು. ಇದನ್ನು ನೋಡಿಯೇ ನಾವು ದೂರದಿಂದಲೂ 'ಮಗು' ಅನ್ನೋದು. ಕೆನ್ನೆ ಕರಗಿಸಿ ಗಲ್ಲ ಚೂಪು ಮಾಡಿದರೆ ವಯಸ್ಸು ಹತ್ತಿಪ್ಪತ್ತು ವರ್ಷ ಮುಂದೆ ಹೋಗುತ್ತದೆ. ಚರ್ಮವನ್ನು ನುಣುಪು ಮಾಡುವುದೂ ಅಷ್ಟೆ. ಅಕ್ಕಪಕ್ಕದ ಬಣ್ಣಗಳನ್ನು ಕಲಸಿ ಸರಾಸರಿ ಮಾಡುವ ಕೆಲಸ ಅದು. ಮಗುವಿನ ಚರ್ಮ ಮೊದಲೇ ನುಣುಪು, ಅಲ್ಲಿ ಕಲಸಲು ಇರುವುದು ಹಣೆಯ ಎಳೆ ಕೂದಲು, ಸೊಳ್ಳೆ ಕಚ್ಚಿದ ಗುರುತು, ಕುಂಕುಮದ ಅಂಚು ಮಾತ್ರ. ಅವೂ ಹೋದರೆ ಉಳಿಯೋದು ಪ್ಲಾಸ್ಟಿಕ್ ಬೊಂಬೆ. ಇನ್ನು ಬೆಳ್ಳಗೆ ಮಾಡುವ ಚಟದ ಬಗ್ಗೆ ಏನು ಹೇಳೋದು? ದುರ್ಗದ ಬಿಸಿಲಲ್ಲಿ ಬೆಳೆದ ಓಬವ್ವನನ್ನು ಬಿಳಿ ಮಾಡುವವರು ಮಗಳಿಗೆ ಇತಿಹಾಸ ಕಲಿಸುತ್ತಿಲ್ಲ. 'ನಿನ್ನ ಬಣ್ಣ ಸಾಲದು ಕಂದಾ' ಅಂತ ಕಲಿಸುತ್ತಿದ್ದಾರೆ.

'ಹಾಗಾದ್ರೆ ಎಡಿಟ್ ಮಾಡೋದೇ ತಪ್ಪಾ?' ಖಂಡಿತ ಅಲ್ಲ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೊದಲ್ಲಿ ಮುಖ ಹಸಿರಾಗಿರುತ್ತದೆ, ಅದನ್ನು ವೈಟ್ ಬ್ಯಾಲೆನ್ಸ್‌ನಲ್ಲಿ ಸರಿ ಮಾಡಬೇಕು. ಗೋಡೆಯ ಸುಣ್ಣ ಬೆಳ್ಳಗೆ ಕಂಡರೆ ಮುಖವೂ ತನ್ನ ಬಣ್ಣಕ್ಕೆ ಬಂದಿರುತ್ತದೆ. ಕತ್ತಲಾಗಿದ್ದರೆ ಎಕ್ಸ್‌ಪೋಷರ್ ಸ್ವಲ್ಪ ಏರಿಸಿ. ವಾಲಿದ್ದರೆ ನೆಟ್ಟಗೆ ಮಾಡಿ, ಹಿಂದಿನ ನೀಲಿ ಬಕೆಟ್ಟನ್ನು ಕತ್ತರಿಸಿ ತೆಗೆಯಿರಿ. ಇವೆಲ್ಲ ಇಡೀ ಚಿತ್ರಕ್ಕೆ ಒಟ್ಟಿಗೆ ಆಗುವ ತಿದ್ದುಪಡಿ. ಮುಖವನ್ನು ಮಾತ್ರ ಹುಡುಕಿಕೊಂಡು ಹೋಗಿ ಮುಟ್ಟುವ ಯಾವ ಬಟನ್ನೂ ಬೇಡ. ಪರೀಕ್ಷೆ ಸುಲಭ. ಮೂಲ ಫೋಟೊ, ಎಡಿಟ್ ಆದದ್ದು ಎರಡನ್ನೂ ಒಂದಾದ ಮೇಲೊಂದು ಬೆರಳಲ್ಲಿ ಸರಿಸಿ ನೋಡಿ. ಬೆಳಕು ಬದಲಾದ ಹಾಗೆ ಕಂಡರೆ ಸರಿ. ಮುಖ ಅಲುಗಾಡಿದ ಹಾಗೆ ಕಂಡರೆ ನೀವು ಮಗುವನ್ನು ಬದಲಾಯಿಸಿದ್ದೀರಿ.

ನಿಜ ಹೇಳಬೇಕೆಂದರೆ ಫೋಟೊ ಸರಿಯಾಗಿ ತೆಗೆದರೆ ಎಡಿಟ್ ಕೆಲಸ ಮುಕ್ಕಾಲು ಪಾಲು ಉಳಿಯುತ್ತದೆ. ಎಷ್ಟೋ ಫೋನುಗಳ ಸೆಲ್ಫಿ ಕ್ಯಾಮೆರಾದಲ್ಲಿ ಬ್ಯೂಟಿ ಮೋಡ್ ಕೇಳದೆಯೇ ಆನ್ ಇರುತ್ತದೆ. ಹಿಂದಿನ ಕ್ಯಾಮೆರಾ ಬಳಸಿ, ಅದರಲ್ಲೂ ಒಮ್ಮೆ ಸೆಟ್ಟಿಂಗ್ ನೋಡಿಕೊಳ್ಳಿ. ಮುಖಕ್ಕೆ ಒಂದಡಿ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಿವಿ ಮಾಯವಾಗುತ್ತದೆ, ಆಮೇಲೆ ಅದನ್ನು ಸರಿ ಮಾಡಲು ಫಿಲ್ಟರು ಹುಡುಕ್ತೀರ. ಆರೇಳು ಅಡಿ ದೂರ ನಿಂತು ಎರಡರಷ್ಟು ಜೂಮ್ ಮಾಡಿ, ಮಂಡಿಯೂರಿ ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಬೆಳಗ್ಗೆ ಬಾಲ್ಕನಿಯ ನೆರಳಿನಲ್ಲಿ ನಿಲ್ಲಿಸಿದರೆ ಸಾಕು. 'ನಗು, ನಗು' ಅನ್ನಬೇಡಿ. 'ಕಿಂಡಿಯಲ್ಲಿ ಯಾರೋ ಬಂದ್ರು ನೋಡು' ಅನ್ನಿ. ಆಗ ಬರುವ ಮುಖ ಯಾವ ಆ್ಯಪಿಗೂ ಮಾಡಲು ಬರಲ್ಲ. ಬಾಯಿ ತೆರೆದಾಗ ಕೆಳಗಿನ ಎರಡು ಹಾಲುಹಲ್ಲು ಬಿದ್ದ ಜಾಗ ಕಾಣುತ್ತಾ? ಕಾಣಲಿ. ಅದು ಆರರ ವಯಸ್ಸಿನ ಸಹಿ.

'ವೇಷ ಅಂದ್ರೇನೇ ಸುಳ್ಳಲ್ವಾ, ಫಿಲ್ಟರಿಗೆ ಮಾತ್ರ ಯಾಕೆ ಬೈತೀರಿ?' ಅಂತ ಬುದ್ಧಿವಂತರು ಕೇಳ್ತಾರೆ. ನಮ್ಮೂರಿಗೆ ಹಗಲುವೇಷದವರು ಬರುತ್ತಿದ್ದರು. ಮುಖಕ್ಕೆ ಕಡು ಬಣ್ಣ ಬಳಿದು ಹನುಮಂತ ಆಗುತ್ತಿದ್ದರು, ರಾವಣ ಆಗುತ್ತಿದ್ದರು. ಬಳಿದದ್ದು ಬಣ್ಣ ಅಂತ ಅವರಿಗೂ ಗೊತ್ತು, ನೋಡುವ ನಮಗೂ ಗೊತ್ತು, ಸಂಜೆ ತೊಳೆದರೆ ಹೋಗುತ್ತೆ. ಫಿಲ್ಟರಿನ ಕೆಲಸ ಅದಲ್ಲ. ಅದು ಮಗುವನ್ನು ಬೇರೆ ಯಾರನ್ನೋ ಮಾಡುವುದಿಲ್ಲ, 'ಇನ್ನೂ ಚೆನ್ನಾಗಿರುವ ನೀನು' ಅಂತ ತೋರಿಸುತ್ತದೆ. ಮಗು ಅದನ್ನು ನಂಬುತ್ತೆ, ಕನ್ನಡಿ ನೋಡಿದಾಗ ಹೋಲಿಸಿಕೊಳ್ಳುತ್ತೆ.

ಪೋಷಕರನ್ನು ಮಾತ್ರ ಬೈದರೆ ಅನ್ಯಾಯ. ಮಿರುಗುವ ಫೋಟೊಗೆ ಬಹುಮಾನ ಕೊಡುವವರು ಶಾಲೆಯವರು. ಸೂಚನೆಯಲ್ಲಿ ಮೂರು ಸಾಲು ಬರೆದರೆ ಸಾಕು: ಮನೆಯಲ್ಲಿರುವ ಬಟ್ಟೆಯಲ್ಲೇ ವೇಷ ಮಾಡಿ, ಮೇಕಪ್ ಬೇಡ. ಬೆಳಕು ತಿದ್ದಬಹುದು, ಮುಖ ಮುಟ್ಟುವಂತಿಲ್ಲ, ಮೂಲ ಫೋಟೊವನ್ನೂ ಜೊತೆಗೆ ಕಳಿಸಿ. ಅಂಕ ಬಟ್ಟೆಗಲ್ಲ, ತಾನು ಯಾರು ಅಂತ ಮಗು ತನ್ನ ಮಾತಿನಲ್ಲಿ ಹೇಳುವುದಕ್ಕೆ. ಈ ಮೂರು ಸಾಲು ಬರೆಯಲು ಶಾಲೆಗೆ ಒಂದು ಪೈಸೆ ಖರ್ಚಿಲ್ಲ. ಪೋಷಕರ ಸಭೆಯಲ್ಲಿ ಶೂ ಬಣ್ಣ, ಬಸ್ ಫೀಸು ಅಂತ ಗಂಟೆಗಟ್ಟಲೆ ವಾದ ಮಾಡ್ತೀವಲ್ಲ, ಮುಂದಿನ ಸಲ ಇದನ್ನೂ ಎತ್ತಿ. ಅಷ್ಟರೊಳಗೆ ಬಾಡಿಗೆ ಅಂಗಡಿಯ ಆ ಸ್ಯಾಟಿನ್ ಸೆಟ್ಟನ್ನು ವಾಪಸ್ ಕೊಟ್ಟು ಬನ್ನಿ.