ಅರ್ಧ ಅಂಕದ ಲೆಕ್ಕ: ಒಬ್ಬರು ಕೊಟ್ಟರು, ಇನ್ನೊಬ್ಬರು ಕೊಡಲಿಲ್ಲ, ಯಾಕೆ?

ಸಕಲೇಶಪುರ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: 'ಲೆಕ್ಕ ಸರಿಯಾಗೇ ಮಾಡಿದ್ದೆ, ಅಂಕ ಯಾಕೆ ಕಡಿಮೆ ಬಂತು?' ಎಷ್ಟೋ ಸಲ ಇದಕ್ಕೆ ಕಾರಣ ಮಾದರಿ ಉತ್ತರದ ಒಂದು ಸಾಲನ್ನು ಮೌಲ್ಯಮಾಪಕರು ಹೇಗೆ ಓದಿಕೊಂಡರು ಎಂಬುದರಲ್ಲಿರುತ್ತದೆ.

ಒಂದು ಉದಾಹರಣೆ ನೋಡೋಣ. x² − 5x + 3 = 0 ಸಮೀಕರಣವನ್ನು ಸೂತ್ರ ಬಳಸಿ ಬಿಡಿಸಬೇಕು, 2 ಅಂಕ. ಸೂತ್ರಕ್ಕೆ ½, ಬೆಲೆ ಆದೇಶಿಸಿದ್ದಕ್ಕೆ ½, ಸುಲಭೀಕರಣಕ್ಕೆ ½, ಉತ್ತರಕ್ಕೆ ½ ಎಂದು ಹಂಚಿದ್ದಾರೆ ಅಂತ ಇಟ್ಟುಕೊಳ್ಳಿ. ಒಬ್ಬ ವಿದ್ಯಾರ್ಥಿ ಸೂತ್ರ ಬರೆಯದೆ ನೇರವಾಗಿ x = (5 ± √(25 − 12))/2 ಎಂದು ಬರೆದು, (5 ± √13)/2 ಉತ್ತರ ತಂದಿದ್ದಾನೆ. ಪ್ರಾಯೋಗಿಕವಾಗಿ ಕೆಲವು ಪತ್ರಿಕೆ ತಿದ್ದಿ ನೋಡುವಾಗ ಒಬ್ಬರು 2 ಕೊಡುತ್ತಾರೆ, ಪಕ್ಕದವರು 1½. ಸೂತ್ರ ಬರೆದಿಲ್ಲವಲ್ಲ ಅನ್ನೋದು ಅವರ ವಾದ. ಇಬ್ಬರೂ ನಿಯಮ ಮೀರಿಲ್ಲ. 'ಸೂತ್ರಕ್ಕೆ ½' ಅನ್ನುವ ಸಾಲೇ ಎರಡು ಅರ್ಥ ಕೊಡುತ್ತಿದೆ.

ಇಂಥ ಕಡೆ ಮುಖ್ಯ ಮೌಲ್ಯಮಾಪಕರು ಎಲ್ಲರಿಗೂ ಕಳುಹಿಸುವ ಸೂಚನೆ ಅಂಕದ ಹಂಚಿಕೆಯನ್ನು ಬದಲಾಯಿಸುವುದಿಲ್ಲ, ಆ ಸಾಲಿನ ಓದನ್ನು ಮಾತ್ರ ತಿದ್ದುತ್ತದೆ: ಈ ½ ಅಂಕ ಸೂತ್ರ ಬರೆದದ್ದಕ್ಕಲ್ಲ, ಸೂತ್ರ ಗೊತ್ತಿದೆ ಎಂದು ತೋರಿಸಿದ್ದಕ್ಕೆ. ಬೆಲೆಗಳನ್ನು ಸರಿಯಾದ ಜಾಗದಲ್ಲಿ ಹಾಕಿದ್ದರೆ ಸೂತ್ರ ಗೊತ್ತಿದೆ ಎಂದೇ ಲೆಕ್ಕ.

ಆದರೆ ಅಷ್ಟೇ ಹೇಳಿದರೆ ಸಾಲದು. ಎಲ್ಲಿ ನಿಲ್ಲಬೇಕು ಅನ್ನೋದನ್ನೂ ಹೇಳಬೇಕು. ಹಂತಗಳೇ ಇಲ್ಲದೆ ಉತ್ತರ ಮಾತ್ರ ಬರೆದಿದ್ದರೆ ಈ ½ ಸಿಗಬಾರದು, ಯಾಕಂದ್ರೆ ಸೂತ್ರ ಬಳಸಿದ ಕುರುಹೇ ಅಲ್ಲಿಲ್ಲ. ಇನ್ನೊಬ್ಬಳು ಸೂತ್ರ ಸರಿಯಾಗಿ ಬರೆದು, −b ಜಾಗದಲ್ಲಿ 5ರ ಬದಲು −5 ಹಾಕಿದ್ದರೆ ಸೂತ್ರದ ½ ಉಳಿಯುತ್ತದೆ, ಆದೇಶದ ½ ಹೋಗುತ್ತದೆ. ಸೂತ್ರ ಬರೆಯದೆ ಅದೇ ತಪ್ಪು ಮಾಡಿದ್ದರೆ? ಸೂತ್ರ ತಪ್ಪೋ, ಚಿಹ್ನೆ ತಪ್ಪೋ ಗೊತ್ತಾಗುವುದಿಲ್ಲ. ಜಗಳ ಹುಟ್ಟುವುದೇ ಇಲ್ಲಿ. ಹಾಗಾಗಿ ಸೂಚನೆಯ ಜೊತೆಗೆ ಇಂಥ ಒಂದು ಉತ್ತರವನ್ನೂ, ಅದಕ್ಕೆ ಕೊಡಬೇಕಾದ ಅಂಕವನ್ನೂ ತೋರಿಸಿಕೊಡಬೇಕು. ಇಲ್ಲದಿದ್ದರೆ ಒಂದು ಗೊಂದಲ ಹೋಗಿ ಇನ್ನೊಂದು ಬಂದಂತೆ.

ಮರೆತುಹೋಗುವ ಕೆಲಸ ಇನ್ನೊಂದಿದೆ. ಸೂಚನೆ ಬರುವ ಮೊದಲೇ ತಿದ್ದಿದ ಪತ್ರಿಕೆಗಳಲ್ಲಿ ಆ ಪ್ರಶ್ನೆಯನ್ನು ಮತ್ತೆ ತೆಗೆದು ನೋಡಬೇಕು. ನೋಡದಿದ್ದರೆ ಬೆಳಿಗ್ಗೆ ತಿದ್ದಿದ ಕಟ್ಟಿನ ಮಗುವಿಗೆ 1½, ಮಧ್ಯಾಹ್ನದ ಕಟ್ಟಿನ ಮಗುವಿಗೆ 2. ಉತ್ತರ ಮಾತ್ರ ಒಂದೇ.

ಹಾಗಾಗಿ ಅನುಮಾನ ಇರುವ ಪೋಷಕರು ಒಟ್ಟು ಅಂಕ ಕೂಡಿ ನೋಡಿದರೆ ಸಾಲದು. ಉತ್ತರ ಪತ್ರಿಕೆಯ ನಕಲು ಪಡೆದು, ಊರಿನ ಗಣಿತ ಮೇಷ್ಟ್ರ ಜೊತೆ ಕೂತು, ಮಂಡಳಿಯ ಮಾದರಿ ಉತ್ತರದೊಂದಿಗೆ ಹಂತ ಹಂತವಾಗಿ ಹೋಲಿಸಬೇಕು. ಕೂಡಿಸಿದ್ದು ತಪ್ಪಿದ್ದರೆ ಮರುಎಣಿಕೆಯಲ್ಲಿ ಸರಿಹೋಗುತ್ತದೆ. ಹಂತದ ಅಂಕ ಬಿಟ್ಟುಹೋಗಿದ್ದರೆ ಮರುಮೌಲ್ಯಮಾಪನಕ್ಕೇ ಹೋಗಬೇಕು.