ನಿರಾಕ್ಷೇಪಣೆ ಎಂಬ ಆಕ್ಷೇಪಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ಸೀಮೆಯಲ್ಲಿ ಸರ್ಕಾರಿ ನೌಕರಿ ಸಿಕ್ಕಿದವರು ಓದುವುದನ್ನು ನಿಲ್ಲಿಸುವುದಿಲ್ಲ. ಗುಮಾಸ್ತೆ ಆದವರು ಪಿಡಿಒ ಪರೀಕ್ಷೆಗೆ ಕಟ್ಟುತ್ತಾರೆ, ಪ್ರಾಥಮಿಕ ಶಾಲೆಯ ಮೇಷ್ಟ್ರು ಪಿಯು ಉಪನ್ಯಾಸಕರಾಗಲು ಓದುತ್ತಾರೆ, ಪೊಲೀಸ್ ಕಾನ್‌ಸ್ಟೇಬಲ್ ರಾತ್ರಿ ಪಾಳಿ ಮುಗಿಸಿ ಕೆಎಎಸ್ ನೋಟ್ಸ್ ಬಿಚ್ಚುತ್ತಾನೆ. ಇದನ್ನು ದುರಾಸೆ ಎನ್ನುವವರಿದ್ದಾರೆ. ನುಸಿ, ಕಾಂಡ ಸೋರುವ ರೋಗ ಮತ್ತು ಕೊಬ್ಬರಿ ಬೆಲೆಯ ಏರಿಳಿತ ನೋಡಿಕೊಂಡೇ ಬೆಳೆದ ಮಕ್ಕಳಿಗೆ ಒಂದು ಮೆಟ್ಟಿಲ ಮೇಲೆ ನಿಂತು ಮುಂದಿನದನ್ನು ನೋಡುವುದು ಸಹಜ ಅನ್ನುವುದು ನನ್ನ ಅಭಿಪ್ರಾಯ. ನನ್ನ ತಕರಾರು ಅವರ ಮೇಲಲ್ಲ. ಅವರು ಆಯ್ಕೆಯಾದ ಮೇಲೆ ಹಳೆಯ ಕಚೇರಿ ನಡೆದುಕೊಳ್ಳುವ ರೀತಿಯ ಮೇಲೆ.

ಒಂದು ಸರ್ಕಾರಿ ಹುದ್ದೆಯಿಂದ ಇನ್ನೊಂದಕ್ಕೆ ಹೋಗುವವನು ಸರ್ಕಾರವನ್ನು ಬಿಟ್ಟು ಹೋಗುತ್ತಿಲ್ಲ. ಇದು ನನ್ನ ಉದಾರ ವ್ಯಾಖ್ಯಾನವಲ್ಲ. ನೌಕರರು ಬಾಯಿಪಾಠ ಮಾಡಿ ಇಲಾಖಾ ಪರೀಕ್ಷೆ ಬರೆಯುವ ಕರ್ನಾಟಕ ಸಿವಿಲ್ ಸೇವಾ ನಿಯಮಾವಳಿಯ 252ನೇ ನಿಯಮದಲ್ಲೇ ಇದೆ. ಸೇವೆಗೆ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಕಳೆದುಹೋಗುತ್ತದೆ ಎಂದು ಅದರ ಮೊದಲ ಭಾಗ ಹೇಳುತ್ತದೆ. ಸೇವಾವಧಿ ಲೆಕ್ಕಕ್ಕೆ ಬರುವಂಥ ಇನ್ನೊಂದು ಹುದ್ದೆಗೆ ಸೇರಲು ಈ ಹುದ್ದೆಗೆ ರಾಜೀನಾಮೆ ಕೊಟ್ಟರೆ ಅದು ಸರ್ಕಾರಿ ಸೇವೆಗೆ ಕೊಟ್ಟ ರಾಜೀನಾಮೆಯಲ್ಲ ಎಂದು ಎರಡನೆಯ ಭಾಗ ಹೇಳುತ್ತದೆ. ನೌಕರರ ಬಾಯಲ್ಲಿ ಇದಕ್ಕೆ ‘ತಾಂತ್ರಿಕ ರಾಜೀನಾಮೆ’ ಎಂದು ಹೆಸರು. ಕೇಂದ್ರ ಸರ್ಕಾರದ 1972ರ ಪಿಂಚಣಿ ನಿಯಮಗಳ 26ನೇ ನಿಯಮವೂ ಇದನ್ನೇ ಹೇಳುತ್ತಿತ್ತು, ‘ಸರಿಯಾದ ಅನುಮತಿ ಪಡೆದು’ ಎಂಬ ಷರತ್ತಿನೊಡನೆ.

ಎಲ್ಲ ತೊಡಕು ಇರುವುದು ಆ ‘ಅನುಮತಿ’ಯಲ್ಲಿ.

ನಾನು ಕನ್ನಡ ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿ. ಒಂದೇ ಸಾಲಿನ ಎರಡು ಪಾಠಾಂತರಗಳನ್ನು ಎದುರಿಗಿಟ್ಟುಕೊಂಡು ಒಂದು ಪದ ಹೆಚ್ಚಾದರೆ ಅರ್ಥ ಎಷ್ಟು ಬದಲಾಗುತ್ತದೆ ಎಂದು ನೋಡುವುದು ನನ್ನ ದಿನದ ಕೆಲಸ. ಅಂಥ ಒಂದು ಪಾಠಾಂತರ ನಮ್ಮ ಮನೆಯಲ್ಲೇ ಸಿಕ್ಕಿತು. ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅನ್ನುವವನು, ಈ ಮೂರು ತಾಲ್ಲೂಕುಗಳಲ್ಲೊಂದರ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಐದು ವರ್ಷ ಕೆಲಸ ಮಾಡಿದ್ದ. ಪ್ರೊಬೇಷನರಿ ಅವಧಿ ತೃಪ್ತಿಕರವಾಗಿ ಮುಗಿದಿದೆ ಎಂಬ ಘೋಷಣೆಯೂ ಆಗಿತ್ತು. ಅರ್ಜಿ ಹಾಕುವ ಮುಂಚೆ ನಿರಾಕ್ಷೇಪಣಾ ಪತ್ರ ಕೇಳಿ ಪಡೆದಿದ್ದ. ಇನ್ನೊಂದು ಇಲಾಖೆಯ ಮೇಲಿನ ಹುದ್ದೆಗೆ ಆಯ್ಕೆಯಾದ. ನೇಮಕಾತಿ ಆದೇಶದಲ್ಲಿ ವರದಿ ಮಾಡಿಕೊಳ್ಳಲು ಹದಿನೈದು ದಿನದ ಗಡುವಿತ್ತು. ಅವನು ಆದೇಶದ ಪ್ರತಿ ಹಿಡಿದು ಹೋದಾಗ ವಿಷಯ ನಿರ್ವಾಹಕರು ಹೇಳಿದ್ದು ಇಷ್ಟು: “ಸುಮ್ನೆ ‘ವೈಯಕ್ತಿಕ ಕಾರಣಗಳಿಂದ’ ಅಂತ ಬರ್ಕೊಡಿ ಸಾರ್, ನಾಳೆನೇ ರಿಲೀವ್ ಮಾಡಿಸ್ತೀನಿ. ಟೆಕ್ನಿಕಲ್, ಲೀನ್ ಅಂದ್ರೆ ಫೈಲ್ ತುಮಕೂರಿಗೆ ಹೋಗ್ಬೇಕು.”

ಆ ಮನುಷ್ಯ ಕೆಟ್ಟವರಲ್ಲ. ಸಹಾಯ ಮಾಡುತ್ತಿದ್ದೇನೆಂದೇ ಅವರು ತಿಳಿದಿದ್ದರು. ಆದರೆ ಆ ಎರಡು ಪದ ಏನು ಮಾಡುತ್ತವೆ ನೋಡಿ. “ವೈಯಕ್ತಿಕ ಕಾರಣಗಳಿಂದ ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ” ಎಂದು ಬರೆದರೆ ಅದು 252ರ ಮೊದಲ ಭಾಗಕ್ಕೆ ಬೀಳುತ್ತದೆ. “ಇಂಥ ಇಲಾಖೆಯ ಇಂಥ ಹುದ್ದೆಗೆ ಇಂಥ ದಿನಾಂಕದ ಆದೇಶದಂತೆ ನೇಮಕಗೊಂಡಿರುವುದರಿಂದ, ತಾವು ನೀಡಿದ ನಿರಾಕ್ಷೇಪಣಾ ಪತ್ರದ ಆಧಾರದಲ್ಲಿ, ಸದರಿ ಹುದ್ದೆಗೆ ಸೇರುವ ಸಲುವಾಗಿ ಮಾತ್ರ ತಾಂತ್ರಿಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ, ನನ್ನ ಹಾಲಿ ಹುದ್ದೆಯ ಮೇಲಿನ ಲೀನ್ ಉಳಿಸಿಕೊಡಲು ಕೋರುತ್ತೇನೆ” ಎಂದು ಬರೆದರೆ ಎರಡನೆಯ ಭಾಗಕ್ಕೆ ಬರುತ್ತದೆ. ಮನುಷ್ಯ ಅವನೇ, ಕುರ್ಚಿ ಅದೇ, ಹೋಗುವ ದಿನವೂ ಅದೇ. ಮೊದಲ ಪಾಠದಲ್ಲಿ ಐದು ವರ್ಷದ ಸೇವೆ ಇಲ್ಲವಾಗುತ್ತದೆ. ಅಂದರೆ ಕೂಡಿಟ್ಟ ಗಳಿಕೆ ರಜೆ, ಗ್ರಾಚ್ಯುಟಿಗೆ ಎಣಿಕೆಯಾಗುವ ವರ್ಷಗಳು, ವೇತನ ನಿಗದಿಗೆ ಆಧಾರವಾಗಬೇಕಿದ್ದ ಬಡ್ತಿಗಳು ಇವೆಲ್ಲವನ್ನೂ ಅವನು ಮತ್ತೆ ಸೊನ್ನೆಯಿಂದ ಆರಂಭಿಸಬೇಕಾಗುತ್ತದೆ. 2006ರ ಏಪ್ರಿಲ್ 1ಕ್ಕೆ ಮುಂಚೆ ಸೇವೆಗೆ ಸೇರಿ ಆಮೇಲೆ ಹುದ್ದೆ ಬದಲಿಸಿದ ಹಿರಿಯರಿಗಂತೂ ಸೇವೆ ತುಂಡಾಯಿತೋ ಮುಂದುವರಿಯಿತೋ ಎಂಬುದು ಹಳೆ ಪಿಂಚಣಿಯ ಪ್ರಶ್ನೆಯೇ ಆಗುತ್ತದೆ.

ಇಷ್ಟೊಂದು ಭಯ ಬೇಕೇ, ನ್ಯಾಯಾಲಯ ಕನಿಕರ ತೋರಿಸುವುದಿಲ್ಲವೇ ಎಂದು ನೀವು ಕೇಳಬಹುದು. 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ವಿದ್ಯುತ್ ಸಂಸ್ಥೆಯೊಂದರ ನೌಕರನ ಪ್ರಕರಣದಲ್ಲಿ ಇದೇ 26ನೇ ನಿಯಮವನ್ನು ಪರಿಶೀಲಿಸಿತು. ಎರಡು ದಶಕದಷ್ಟು ದುಡಿದ ಆತ ರಾಜೀನಾಮೆ ಕೊಟ್ಟಿದ್ದ. ಅದನ್ನು ಸ್ವಯಂ ನಿವೃತ್ತಿ ಎಂದು ಓದಿ ಪಿಂಚಣಿ ಕೊಡಲಾಗದು, ರಾಜೀನಾಮೆ ರಾಜೀನಾಮೆಯೇ, ಹಿಂದಿನ ಸೇವೆ ಹೋದಂತೆಯೇ ಎಂದಿತು ನ್ಯಾಯಾಲಯ. ಆತ ಬೇರೆ ಹುದ್ದೆಗೆ ಹೋದವನಲ್ಲ, ಆದ್ದರಿಂದ ಅಣ್ಣನ ಕಥೆಗೆ ಅದು ನೇರ ಹೋಲಿಕೆಯಲ್ಲ. ಆದರೆ ಪತ್ರದಲ್ಲಿ ಯಾವ ಪದ ಬಳಸಿದೆವು ಎಂಬುದನ್ನು ಕಾನೂನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎನ್ನುವುದಕ್ಕೆ ಸಾಕ್ಷಿ ಸಾಕು.

ಇನ್ನು ಲೀನ್. ಕಚೇರಿಗಳಲ್ಲಿ ಈ ಪದ ಕೇಳಿದರೆ ಹುಬ್ಬು ಗಂಟಿಕ್ಕುತ್ತದೆ, “ಹೋಗೋದೂ ಬೇಕು, ಸೀಟೂ ಬೇಕು” ಎಂಬ ಮಾತು ಬರುತ್ತದೆ. ಲೀನ್ ಅಂದರೆ ಬೇರೇನಲ್ಲ, ಕಾಯಂ ಆಗಿ ಹೊಂದಿದ್ದ ಹುದ್ದೆಗೆ ಮರಳುವ ಹಕ್ಕು. ಹೊಸ ಹುದ್ದೆಯಲ್ಲಿ ಪ್ರೊಬೇಷನರಿ ಮುಗಿಯುವ ತನಕ ಮನುಷ್ಯ ಹಗ್ಗದ ಮೇಲಿರುತ್ತಾನೆ. ಆಯ್ಕೆಪಟ್ಟಿ ನ್ಯಾಯಾಲಯದಲ್ಲಿ ರದ್ದಾಗಬಹುದು, ಪ್ರೊಬೇಷನರಿಯಲ್ಲಿ ಅನುತ್ತೀರ್ಣನಾಗಬಹುದು. ನೇಮಕಾತಿ ಹಗರಣಗಳನ್ನೂ ಮರುಪರೀಕ್ಷೆಗಳನ್ನೂ ಕಂಡ ನಮ್ಮ ರಾಜ್ಯದಲ್ಲಿ ಇದು ಊಹೆಯ ಮಾತಲ್ಲ. ಕೇಂದ್ರ ಸರ್ಕಾರ 2016ರ ಆಗಸ್ಟ್‌ನಲ್ಲಿ ಹೊರಡಿಸಿದ ಕ್ರೋಡೀಕೃತ ಸೂಚನೆಗಳಲ್ಲಿ ಇದಕ್ಕೆ ಎರಡು ವರ್ಷ, ವಿಶೇಷ ಸಂದರ್ಭದಲ್ಲಿ ಮೂರು ವರ್ಷ ಎಂಬ ಮಿತಿ ಇದೆ. ಅಷ್ಟರಲ್ಲಿ ಮರಳದಿದ್ದರೆ ಹಳೆಯ ಹುದ್ದೆಯ ನಂಟು ಮುಗಿಯಿತು. ಕಲಬುರಗಿಯ ಗುಲ್ಬರ್ಗ ವಿಶ್ವವಿದ್ಯಾಲಯದ ನೌಕರರೊಬ್ಬರ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಹೊಸ ಹುದ್ದೆಯಲ್ಲಿ ಕಾಯಂ ಆಗುವ ತನಕ ಹಳೆಯದರ ಮೇಲಿನ ಲೀನ್ ಕೊನೆಯಾಗುವುದಿಲ್ಲ.

ಇದಕ್ಕೊಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಹಳೆಯ ಹುದ್ದೆಯಲ್ಲಿ ಕಾಯಂ ಆಗದವನಿಗೆ ಉಳಿಸಿಕೊಳ್ಳಲು ಲೀನ್ ಎಂಬುದೇ ಇರುವುದಿಲ್ಲ. ಸೇರಿ ಒಂದು ವರ್ಷಕ್ಕೇ ಇನ್ನೊಂದು ಕಡೆ ಆಯ್ಕೆಯಾದವರು ತಾಂತ್ರಿಕ ರಾಜೀನಾಮೆ ಕೇಳಬಹುದು, ಲೀನ್ ಕೇಳಿದರೆ ಸಿಗದು. ಹಾಗೆಯೇ ಜ್ಯೇಷ್ಠತೆ ಜೊತೆಗೆ ಬರುವುದಿಲ್ಲ, ಹೊಸ ಇಲಾಖೆಯ ಪಟ್ಟಿಯಲ್ಲಿ ಅವರು ಕೊನೆಯವರೇ. ಇಲ್ಲಿ ಕಚೇರಿಯ ಇನ್ನೊಂದು ಸೋಮಾರಿತನ ಹೊರಬೀಳುತ್ತದೆ. ಪ್ರೊಬೇಷನರಿ ಎರಡು ವರ್ಷಕ್ಕೆ ಮುಗಿದರೂ ಘೋಷಣೆಯ ಕಡತ ಮೂರು, ನಾಲ್ಕು ವರ್ಷ ಕೂತಿರುತ್ತದೆ. ಆಮೇಲೆ ಅದೇ ಕಚೇರಿ “ನಿಮ್ಮದು ಇನ್ನೂ ಡಿಕ್ಲೇರ್ ಆಗಿಲ್ಲ, ಲೀನ್ ಎಲ್ಲಿಂದ?” ಎನ್ನುತ್ತದೆ. ತಾನು ಮಾಡದ ಕೆಲಸವನ್ನೇ ತೋರಿಸಿ ಹಕ್ಕು ಇಲ್ಲವೆನ್ನುವುದು ಇದು.

ಎದುರು ವಾದವನ್ನು ನಾನು ಕೇಳಿದ್ದೇನೆ, ಅದರಲ್ಲಿ ಹುರುಳೂ ಇದೆ. ಒಬ್ಬ ಗ್ರಾಮ ಆಡಳಿತಾಧಿಕಾರಿ ಹೋದರೆ ಅವರ ವೃತ್ತದ ಅಷ್ಟೂ ಹಳ್ಳಿಗಳ ಕೆಲಸ ಪಕ್ಕದವರ ತಲೆಗೆ ಬೀಳುತ್ತದೆ. ಬರದ ವರ್ಷವಾದರೆ ಬೆಳೆ ಪರಿಹಾರದ ಪಟ್ಟಿ ಮಾಡುವವರಿಲ್ಲ. ಲೀನ್ ಕೊಟ್ಟರೆ ಆ ಜಾಗವನ್ನು ಕಾಯಂ ತುಂಬಲೂ ಆಗುವುದಿಲ್ಲ. ತಾಲ್ಲೂಕು ಮಟ್ಟದ ಅಧಿಕಾರಿಯ ಈ ಸಂಕಟ ನಿಜ. ಆದರೆ ಅದಕ್ಕೆ ಕಾರಣ ಹೋಗುವವನಲ್ಲ, ಖಾಲಿ ಹುದ್ದೆಗಳನ್ನು ವರ್ಷಗಟ್ಟಲೆ ತುಂಬದ ಸರ್ಕಾರ. 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಒಂದೇ ಬಾರಿಗೆ 2024ರಲ್ಲಿ ಅರ್ಜಿ ಕರೆದರು ಎಂದರೆ ಅಲ್ಲಿಯ ತನಕ ಎಷ್ಟು ಕೊರತೆ ಕೂಡಿತ್ತು ಎಂದು ಲೆಕ್ಕ ಹಾಕಿ. ಆ ಕೊರತೆಯ ಬೆಲೆಯನ್ನು ಓದಿ ಆಯ್ಕೆಯಾದ ಒಬ್ಬನ ಐದು ವರ್ಷದ ಸೇವೆಯಿಂದ ವಸೂಲು ಮಾಡುವುದು ನ್ಯಾಯವಲ್ಲ. ಅಲ್ಲದೆ, ಅವನು ಹೋಗುವುದು ಖಾಸಗಿ ಕಂಪನಿಗಲ್ಲ. ಇದೇ ಸರ್ಕಾರ, ತನ್ನದೇ ಪರೀಕ್ಷೆ ನಡೆಸಿ, ಇವನೇ ಬೇಕೆಂದು ಆರಿಸಿದೆ.

ಅಣ್ಣ ‘ವೈಯಕ್ತಿಕ ಕಾರಣ’ ಬರೆಯಲಿಲ್ಲ. ಎರಡು ಪ್ರತಿ ಮಾಡಿ, ಟಪಾಲಿನಲ್ಲಿ ಕೊಟ್ಟು, ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡ. ಹೊಸ ಇಲಾಖೆಗೆ ಕಾಲಾವಕಾಶ ಕೋರಿ ಪತ್ರ ಬರೆದ. ಸುಮಾರು 70 ಕಿಲೋಮೀಟರ್ ದೂರದ ತುಮಕೂರಿಗೆ ನಾಲ್ಕು ಸಲ ಹೋದ. ಬಿಡುಗಡೆ ಆದೇಶ ಬಂತು, ಓದಿದರೆ ‘ರಾಜೀನಾಮೆ ಅಂಗೀಕರಿಸಿ ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ’ ಎಂದಷ್ಟೇ ಇತ್ತು. ಪತ್ರ ಸರಿಯಾಗಿದ್ದೂ ಆದೇಶ ತಪ್ಪಾಗಿತ್ತು. ನೀವು ನೋಡಬೇಕಾದ್ದು ಇಲ್ಲೇ. ಆದೇಶದಲ್ಲಿ ಹೊಸ ಹುದ್ದೆಯ ಹೆಸರು, ‘ತಾಂತ್ರಿಕ’ ಎಂಬ ಪದ, ಲೀನ್ ಬಗ್ಗೆ ಒಂದು ವಾಕ್ಯ ಇಲ್ಲದಿದ್ದರೆ ಅಲ್ಲಿಯೇ ನಿಂತು ತಿದ್ದುಪಡಿ ಕೇಳಿ. ಸೇವಾ ಪುಸ್ತಕದಲ್ಲೂ ಅದೇ ವಾಕ್ಯ ನಮೂದಾಗಬೇಕು. ಎನ್‌ಪಿಎಸ್‌ನಲ್ಲಿರುವವರು ಹೊಸ ಕಚೇರಿಗೆ ಹಳೆಯ ಪ್ರಾನ್ ಸಂಖ್ಯೆಯನ್ನೇ ಕೊಡಬೇಕು, ಹೊಸದು ಮಾಡಿಸಬಾರದು. ಅಣ್ಣನಿಗೆ ತಿದ್ದುಪಡಿ ಆದೇಶ ಸಿಕ್ಕಿತು, ಗಡುವು ಮುಗಿಯಲು ಎರಡು ದಿನ ಇರುವಾಗ. ಅಷ್ಟು ಓಡಾಡಲು ಅವನಿಗೆ ಬೈಕಿತ್ತು, ನಿಯಮ ಓದುವ ಅಭ್ಯಾಸವಿತ್ತು. ಅವನ ಜೊತೆಯೇ ಆಯ್ಕೆಯಾದ ಇನ್ನೊಬ್ಬರು ಮೊದಲ ದಿನವೇ ‘ವೈಯಕ್ತಿಕ ಕಾರಣ’ ಬರೆದುಕೊಟ್ಟು ಹೊರಟಿದ್ದರು.

ಹಕ್ಕು ಎಂದು ನಿಯಮದಲ್ಲಿರುವುದು ಹೀಗೆ ಓಡಾಡಬಲ್ಲವರಿಗೆ ಮಾತ್ರ ಸಿಕ್ಕರೆ ಅದು ಹಕ್ಕಲ್ಲ, ಬಹುಮಾನ. ನಾನು ಕೇಳುವುದು ಮೂರೇ ಸಂಗತಿ. ನಿರಾಕ್ಷೇಪಣಾ ಪತ್ರದ ಅರ್ಜಿಗೆ ದಿನಗಳ ಗಡುವಿರಲಿ. ಆ ಗಡುವಿನಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಅರ್ಥವಾಗಲಿ. ನಿರಾಕರಿಸುವುದಾದರೆ ಕಾರಣವನ್ನು ಬರೆದು, ಸಹಿ ಹಾಕಿ ಕೊಡಲಿ. ವಿಚಾರಣೆ ಬಾಕಿ ಇದ್ದರೆ ಅದು ಕಾರಣ, “ಸಾಹೇಬರು ಮೂಡಲ್ಲಿಲ್ಲ” ಎನ್ನುವುದು ಕಾರಣವಲ್ಲ. ಮೂರನೆಯದು, ತಾಂತ್ರಿಕ ರಾಜೀನಾಮೆಗೂ ಅದರ ಬಿಡುಗಡೆ ಆದೇಶಕ್ಕೂ ರಾಜ್ಯಕ್ಕೆಲ್ಲ ಒಂದೇ ಮುದ್ರಿತ ನಮೂನೆ ಇರಲಿ.

ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಒಳಗಿನ ನೀರು ಇಂಗಲು ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಅಷ್ಟು ದಿನ ಯಾಕೆ ಎಂದು ಯಾರೂ ಕೇಳುವುದಿಲ್ಲ, ಕಾಯಿಗೆ ಅದು ಬೇಕು. ನಿರಾಕ್ಷೇಪಣಾ ಪತ್ರದ ಕಡತಕ್ಕೆ ಒಣಗಬೇಕಾದ್ದು ಏನೂ ಇಲ್ಲ. ಅದಕ್ಕೆ ಬೇಕಾದ್ದು ಒಂದು ಸಹಿ, ಒಂದು ದಿನಾಂಕ.