ಗದ್ದಲವೇ ಹೈಲೈಟ್ ಅಲ್ಲ ಸ್ವಾಮಿ

ಮ್ಯಾಚಿನ ಆಡಿಯೋ ತಗೊಳ್ಳಿ, ಸೆಕೆಂಡು ಸೆಕೆಂಡಿಗೆ ಕತ್ತರಿಸಿ, ಪ್ರತಿ ತುಂಡು ಎಷ್ಟು ಜೋರಿದೆ ಅಂತ ಅಳೆಯಿರಿ. ಸರಾಸರಿಗಿಂತ ತುಂಬ ಜೋರಿರೋ ಕಡೆ ಹಿಂದಿನ ಹತ್ತು ಸೆಕೆಂಡು ಸೇರಿಸಿ ಕ್ಲಿಪ್ ಮಾಡಿ. ಹೈಲೈಟ್ಸ್ ರೆಡಿ ಅಂತಾರೆ. ನಾನು ಒಪ್ಪಲ್ಲ. ಇದು ಅಳೆಯೋದು ಆಟವನ್ನಲ್ಲ, ತವರಿನವರ ಖುಷಿಯನ್ನ.

2023ರ ನವೆಂಬರ್ 19, ಅಹಮದಾಬಾದಿನ ವಿಶ್ವಕಪ್ ಫೈನಲ್. 54 ರನ್ ಗಳಿಸಿದ್ದ ಕೊಹ್ಲಿ, ಕಮಿನ್ಸ್ ಎಸೆದ ಚೆಂಡನ್ನ ತಾವೇ ವಿಕೆಟ್ಟಿಗೆ ಎಳೆದುಕೊಂಡ್ರು. ಇಡೀ ಸ್ಟೇಡಿಯಂ ಗಪ್‌ಚಿಪ್. ಪಂದ್ಯದ ದೊಡ್ಡ ಗಳಿಗೆಯಲ್ಲಿ ಗ್ಯಾಲರಿಯ ಸದ್ದು ಏರಲಿಲ್ಲ, ಕುಸೀತು. ಬರೀ ಶಿಖರ ಹುಡುಕೋ ಕೋಡಿಗೆ ಅಲ್ಲಿ ಏನೂ ಕಾಣಲ್ಲ. ಓವರ್ ಮಧ್ಯೆ ಡಿಜೆ ಹಾಕಿದ ಹಾಡು ಮಾತ್ರ ಚೆನ್ನಾಗಿ ಕಾಣುತ್ತೆ!

ಮಾಡಬೇಕಾದ್ದು ಇಷ್ಟೇ. ಇಡೀ ಪಂದ್ಯದ ಸರಾಸರಿ ಬಿಡಿ, ಹಿಂದಿನ ಎರಡು ನಿಮಿಷದ ಮೀಡಿಯನ್ ಜೊತೆ ಹೋಲಿಸಿ. ಏರಿಕೆ ಮಾತ್ರವಲ್ಲ, ಎರಡು ಮೂರು ಸೆಕೆಂಡಲ್ಲಿ ಆಗೋ ದಿಢೀರ್ ಇಳಿತವನ್ನೂ ಗುರುತು ಹಾಕಿ. ಆದ್ರೆ ಟಿವಿ ಆಡಿಯೋದಲ್ಲಿ ಆ ಮೌನವನ್ನ ಕಾಮೆಂಟೇಟರ್ ಕೂಗು ತುಂಬಿಬಿಡುತ್ತೆ. ಹಾಗಾಗಿ ಕಾಮೆಂಟರಿ ಇಲ್ಲದ, ಬರೀ ಸ್ಟೇಡಿಯಂ ಮೈಕಿನ ಟ್ರ್ಯಾಕ್ ಬೇಕು.

ನಿಮ್ಮ ಕೋಡು ಸರಿಯಿದೆಯಾ? ಸ್ಕೋರ್‌ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಎರಡೂ ತಂಡದ ವಿಕೆಟ್ಟುಗಳನ್ನ ಬೇರೆ ಬೇರೆ ಎಣಿಸಿ. ತವರು ತಂಡದ ವಿಕೆಟ್ಟುಗಳೇ ಕಾಣೆಯಾಗಿದ್ರೆ, ನೀವು ಬರೆದಿರೋದು ಹೈಲೈಟ್ಸ್ ಅಲ್ಲ, ಅಭಿಮಾನಿ ಸಂಘದ ಆಲ್ಬಮ್ಮು.